ಸಣ್ಣ ಬಿಲ್ಲಿನಲ್ಲಿ ಕನ್ನಡ ಕೂರಿಸುವಾಗ

ಹೋಟೆಲ್ ಬಿಲ್ಲನ್ನು ಕನ್ನಡದಲ್ಲಿ ಕೊಡಬೇಕೆಂದು ಹೊರಟವರಿಗೆ ಒಂದು ಮಾತು: ಅಕ್ಷರ ಎಣಿಸಿ ಸಾಲು ಜೋಡಿಸಬೇಡಿ. 58 ಮಿಮೀ ಕಾಗದದಲ್ಲಿ ಅಚ್ಚಾಗುವುದು ಸುಮಾರು 48 ಮಿಮೀ, ಅಂದರೆ 384 ಚುಕ್ಕೆ. ಇಂಗ್ಲಿಷಿನಲ್ಲಾದರೆ ಸಾಲಿಗೆ 32 ಅಕ್ಷರ ಎಂದು ಲೆಕ್ಕ ಹಾಕಿ, ನಡುವೆ ಖಾಲಿ ಜಾಗ ತುಂಬಿದರೆ ಸಾಕು. ಕನ್ನಡದಲ್ಲಿ ಹಾಗಲ್ಲ: ‘ಉಪ್ಪಿಟ್ಟು’ ಕಣ್ಣಿಗೆ ಮೂರೇ ಅಕ್ಷರ, ಕಂಪ್ಯೂಟರಿಗೆ ಒಂಬತ್ತು ಸಂಕೇತ. ಆ ಲೆಕ್ಕ ನಂಬಿದರೆ ಮೊತ್ತದ ಕಾಲಂ ಸಾಲುಸಾಲಿಗೂ ಅಂಕುಡೊಂಕಾಗುತ್ತದೆ.

ಹೆಚ್ಚಿನ ಪ್ರಿಂಟರುಗಳೊಳಗೆ ಕನ್ನಡ ಫಾಂಟೇ ಇರುವುದಿಲ್ಲ. ಹಾಗಾಗಿ ಇಡೀ ಬಿಲ್ಲನ್ನು 384 ಚುಕ್ಕೆ ಅಗಲದ ಕಪ್ಪು-ಬಿಳುಪು ಚಿತ್ರವಾಗಿ ಬರೆದು ಕಳಿಸಿ. ಪ್ರತಿ ಮೊತ್ತದ ಅಗಲವನ್ನು ಚುಕ್ಕೆಗಳಲ್ಲಿ ಅಳೆದು ಬಲ ಅಂಚಿನಿಂದ ಕಳೆಯಿರಿ:

```
x = 384 - draw.textlength(amt, font=font)
```

ಮೊತ್ತಕ್ಕೆ 110 ಚುಕ್ಕೆ ಮೀಸಲಿಟ್ಟು, ತಿಂಡಿಯ ಹೆಸರು ಉಳಿದದ್ದರಲ್ಲಿ ಹಿಡಿಸದಿದ್ದರೆ ಎರಡನೇ ಸಾಲಿಗೆ ಇಳಿಸಿ, ನಡುವೆ ಕತ್ತರಿಸಬೇಡಿ. ಸಾಲಿನ ಎತ್ತರದಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. 24 ಚುಕ್ಕೆಯ ಫಾಂಟಿಗೆ 38-40 ಚುಕ್ಕೆ ಕೊಡಿ, ಇಲ್ಲವಾದರೆ ‘ಟ್ಟು’ವಿನ ಒತ್ತು ಕೆಳಸಾಲಿಗೆ ತಾಗುತ್ತದೆ. ಒತ್ತು ಕೆಳಗೆ ಕೂರದೆ ‘ಟ್‌ಟು’ ಎಂದು ಬಿಡಿಬಿಡಿಯಾಗಿ ಬಂದರೆ ತಪ್ಪು ಪ್ರಿಂಟರಿನದಲ್ಲ, ಚಿತ್ರ ಬರೆಯುವ ತಂತ್ರಾಂಶದ್ದು. ಪೈಥಾನಿನ ಪಿಲ್ಲೋ ಬಳಸುವವರು `features.check("raqm")` ನಿಜವೆನ್ನುತ್ತದೆಯೇ ನೋಡಿ.

ತೆರಿಗೆಯ ಸಾಲುಗಳನ್ನು ಒಂದರಲ್ಲೇ ತುರುಕಬೇಡಿ. ₹250ರ ಊಟಕ್ಕೆ ಶೇ 5 ಜಿಎಸ್‌ಟಿ ಇದ್ದರೆ ಹೀಗಿರಲಿ: ಸಿಜಿಎಸ್‌ಟಿ 2.5% 6.25, ಅದರ ಕೆಳಗೆ ಎಸ್‌ಜಿಎಸ್‌ಟಿ 2.5% 6.25, ಪೂರ್ಣಾಂಕ ಹೊಂದಾಣಿಕೆ 0.50, ಆಮೇಲೆ ದಪ್ಪಕ್ಷರದಲ್ಲಿ ಒಟ್ಟು 263.00.