ಛತ್ರದ ಬಾಗಿಲಲ್ಲಿ ಜನಸಂದಣಿ: ವ್ಯವಸ್ಥಾಪಕರ ಲೆಕ್ಕ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಮೃತಪಟ್ಟರು. ಸುಮಾರು 35,000 ಜನ ಹಿಡಿಸುವ ಆ ಸ್ಥಳಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಸರ್ಕಾರ ಹೇಳಿತು. ನಮ್ಮ ಮದುವೆಗಳಿಗೆ ಅಷ್ಟು ಜನ ಬರುವುದಿಲ್ಲ, ನಿಜ. ಆದರೆ ಅಪಾಯವನ್ನು ನಿರ್ಣಯಿಸುವುದು ಒಟ್ಟು ಸಂಖ್ಯೆಯಲ್ಲ; ನಿಮಿಷಕ್ಕೆ ಎಷ್ಟು ಮಂದಿ ಬಾಗಿಲಿಗೆ ಬರುತ್ತಾರೆ, ಎಷ್ಟು ಮಂದಿ ಒಳಹೋಗುತ್ತಾರೆ ಎಂಬುದರ ಅಂತರ.

ರಾಜಾಜಿನಗರ ಅಥವಾ ವಿಜಯನಗರದ ಒಂದು ಸಾಧಾರಣ ಛತ್ರವನ್ನು ಭಾವಿಸೋಣ. ಮುಂಬಾಗಿಲು ಆರು ಅಡಿ ಅಗಲ. ಮುಂದೆ 20 ಅಡಿ ಚೌಕದ ಮೊಗಸಾಲೆ. ಒಂದು ಕದಕ್ಕೆ ಚಿಲಕ ಹಾಕಿದೆ. ಇನ್ನೊಂದರ ಪಕ್ಕದಲ್ಲೇ ಪನ್ನೀರು, ಕುಂಕುಮ, ಕಲ್ಲುಸಕ್ಕರೆಯ ಮೇಜು. ಪ್ರತಿಯೊಬ್ಬರೂ ಮೂರು ಸೆಕೆಂಡು ನಿಂತರೂ ನಿಮಿಷಕ್ಕೆ 20 ಮಂದಿ ಮಾತ್ರ ಒಳಸೇರುತ್ತಾರೆ. ಮುಹೂರ್ತಕ್ಕೆ ಮುಂಚಿನ 20 ನಿಮಿಷಗಳಲ್ಲಿ 600 ಮಂದಿ ಬಂದರೆ ನಿಮಿಷಕ್ಕೆ 30 ಆಯಿತು. ಪ್ರತಿ ನಿಮಿಷವೂ ಹತ್ತು ಮಂದಿ ಹಿಂದುಳಿದು, ಕೊನೆಗೆ 200 ಮಂದಿ ಮೊಗಸಾಲೆಯಲ್ಲಿ ನಿಲ್ಲುತ್ತಾರೆ. ತಲೆಗೆ ಎರಡು ಚದರಡಿ. ಒಂದು ಚದರ ಮೀಟರಿನಲ್ಲಿ ಐದಕ್ಕೂ ಹೆಚ್ಚು ಜನ ಎಂದಂತಾಯಿತು. ಅಪಾಯ ಆರಂಭವಾಗುವುದು ಇಲ್ಲಿಯೇ. ಅಷ್ಟರಲ್ಲಿ ಗಟ್ಟಿಮೇಳ ಕೇಳಿಸಿದರೆ, ಅಕ್ಷತೆ ತಪ್ಪೀತೆಂದು ಹಿಂದಿನವರೆಲ್ಲ ಒಮ್ಮೆಲೇ ಒತ್ತುತ್ತಾರೆ. ಮುಂದಿನವರ ಸಂಕಟ ಅವರಿಗೆ ಕಾಣುವುದೇ ಇಲ್ಲ. ಇಂಥ ಸಂದರ್ಭದಲ್ಲಿ ಹೆಚ್ಚಿನ ಸಾವು ತುಳಿತದಿಂದಲ್ಲ. ನಿಂತಲ್ಲೇ ಎದೆ ಅದುಮಿ ಉಸಿರು ಕಟ್ಟುವುದರಿಂದ.

ಮೇಜನ್ನು 30 ಅಡಿ ಒಳಕ್ಕೆ ಸರಿಸಿ, ಎರಡು ಕದಗಳನ್ನೂ ತೆರೆದು, ನಡುವೆ ಹಗ್ಗ ಕಟ್ಟಿ ಅರ್ಧವನ್ನು ಹೊರಹೋಗುವವರಿಗೆ ಬಿಟ್ಟರೆ ಲೆಕ್ಕವೇ ಬದಲಾಗುತ್ತದೆ. ನಿಲ್ಲದೆ ನಡೆದರೆ ಮೂರಡಿ ದಾರಿಯಲ್ಲಿ ನಿಮಿಷಕ್ಕೆ ಸುಮಾರು 70 ಮಂದಿ ಹೋಗಬಲ್ಲರು. ಮೆಟ್ಟಿಲುಗಳಿದ್ದರೆ, ವೃದ್ಧರು ಹೆಚ್ಚಿದ್ದರೆ ಇದು ಇಳಿಯುತ್ತದೆ, ಅರ್ಧವೆಂದೇ ಎಣಿಸಿರಿ. ಪಾದರಕ್ಷೆಗಳ ರಾಶಿ ಬಾಗಿಲಲ್ಲಿ ಬೇಡ; ಬಾಗಿದವನು ಬಿದ್ದರೆ ಅವನ ಮೇಲೆ ಹಿಂದಿನವನೂ ಬೀಳುತ್ತಾನೆ.

ಸ್ವಯಂಸೇವಕರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಅಲ್ಲಿ ಇಬ್ಬರು ಸಾಕು. ಮುಖ್ಯನಾದವನು ಮೊಗಸಾಲೆಯ ಹಿಂಭಾಗದಲ್ಲಿ, ರಸ್ತೆಯ ಕಡೆ ಇರಬೇಕು; ಜನರನ್ನು ತಡೆದು ನಿಲ್ಲಿಸುವ ಅಧಿಕಾರ ಅವನಿಗಿರಬೇಕು. ಬೀಗರ ಕಾರು ಬಂದರೂ ಅವನು ಸ್ಥಳ ಬಿಡತಕ್ಕದ್ದಲ್ಲ. ಒಬ್ಬನು ಒಳಗೆ ನಿಂತು ಬಂದವರನ್ನು ಕುರ್ಚಿಗಳ ಕಡೆಗೆ ಸಾಗಿಸುತ್ತಿರಲಿ. ಮತ್ತೊಬ್ಬನು ಪಕ್ಕದ ಬಾಗಿಲಲ್ಲಿರಲಿ. ಅದರ ಬೀಗ ಮುಂಚೆಯೇ ತೆಗೆದಿರಲಿ. 2004ರ ಜನವರಿ 23ರಂದು ಶ್ರೀರಂಗದ ಕಲ್ಯಾಣಮಂಟಪದ ಮಹಡಿಯ ಚಪ್ಪರಕ್ಕೆ ಬೆಂಕಿ ಹತ್ತಿದಾಗ, ಇಳಿಯಲು ಇದ್ದುದು ಇಕ್ಕಟ್ಟಾದ ಮೆಟ್ಟಿಲು. ವರನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ನಿಂತವರು ಕೈ ಮೇಲೆತ್ತಲಾರದಾದರೆ, ಗುಂಪು ಗಾಳಿಗೆ ಪೈರು ತೂಗಿದಂತೆ ಒಟ್ಟಾಗಿ ಓಲಾಡಿದರೆ ಕಾಲ ಮೀರುತ್ತಿದೆಯೆಂದೇ ಅರ್ಥ. ಆಗ ಬಾಗಿಲು ಮುಚ್ಚಬಾರದು, “ಮುಂದೆ ಹೋಗಿ” ಎಂದು ಕೂಗಲೂಬಾರದು. ಮೊದಲು ಹಿಂದಿನಿಂದ ಜನರನ್ನು ರಸ್ತೆಯ ಕಡೆಗೆ ಸರಿಸಬೇಕು, ಜೊತೆಗೇ ಪಕ್ಕದ ಬಾಗಿಲಿನಿಂದ ಒಳಗಿನವರನ್ನು ಹೊರಬಿಡಬೇಕು.