ಹಾಡಿನ ಖಾತೆಗೆ ದೇಶ ಬದಲಿಸುವಾಗ: ಮೊದಲು ಬ್ಯಾಂಕು, ಆಮೇಲೆ ವಿಳಾಸ

ಕೆಲಸದ ಮೇಲೆ ಜರ್ಮನಿಗೆ ಹೊಸದಾಗಿ ಬಂದ ಕುಟುಂಬಗಳು ನಮ್ಮ ಕೂಟದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಊರಲ್ಲಿ ದುಡ್ಡು ಕಟ್ಟಿ ಮಾಡಿಸಿಕೊಂಡಿದ್ದ ಹಾಡಿನ ಖಾತೆ ಇಲ್ಲಿ ಏನಾಗುತ್ತದೆ? ಬಂದ ಮೊದಲ ವಾರ ಏನೂ ಆಗುವುದಿಲ್ಲ. ಹಾಡು ಎಂದಿನಂತೆ ಬರುತ್ತದೆ. ತೊಡಕು ಶುರುವಾಗುವುದು ಮುಂದಿನ ಕಂತು ಕಡಿತವಾಗಬೇಕಾದ ದಿನ.

ಇದಕ್ಕೆ ಕಾರಣವಿದೆ. ಖಾತೆಯ ದೇಶವೆಂದರೆ ನೀವು ಈಗ ಇರುವ ಊರಲ್ಲ, ನಿಮ್ಮ ದುಡ್ಡು ಹೊರಡುವ ಊರು. ಹಾಡುಗಳ ಹಕ್ಕನ್ನು ಕಂಪನಿಗಳು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತವೆ. ಬೆಲೆ, ತೆರಿಗೆಗಳೂ ಹಾಗೆಯೇ. ಹಕ್ಕಿನ ಮಾತು ಮುರಿದರೆ ಏನಾಗುತ್ತದೆಂದು ನಾವು ಊರಲ್ಲೇ ಕಂಡಿದ್ದೇವೆ. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಎರಡೇ ತಿಂಗಳಲ್ಲಿ ಸರಿಗಮ ಕಂಪನಿಯ ಹಳೆಯ ಹಾಡುಗಳು ಅದರಿಂದ ಮಾಯವಾದವು. 2020ರಲ್ಲಿ ಹೊಸ ಒಪ್ಪಂದವಾದ ಮೇಲಷ್ಟೇ ಮರಳಿದವು. ಆದ್ದರಿಂದ ದೇಶ ಬದಲಿಸಿದ ಮೇಲೆ ನಿಮ್ಮ ಪಟ್ಟಿಯ ಒಂದೆರಡು ಹಾಡು ಬೂದುಬಣ್ಣಕ್ಕೆ ತಿರುಗಿದರೆ ಖಾತೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಆ ಹಾಡಿನ ಹಕ್ಕು ಇಲ್ಲಿಗೆ ಸಿಕ್ಕಿಲ್ಲ, ಅಷ್ಟೆ. ಅದೇ ಹಾಡು ಬೇರೆ ಆಲ್ಬಮ್ಮಿನ ಹೆಸರಲ್ಲಿ ಇದೆಯೇ ಎಂದು ಹುಡುಕಿ ನೋಡಿ. ಎಷ್ಟೋ ಸಲ ಸಿಗುತ್ತದೆ.

ಎಲ್ಲಕ್ಕಿಂತ ತೊಡಕಿನದು ಆ್ಯಪಲ್ ಮ್ಯೂಸಿಕ್. ಅದನ್ನೇ ಒಂದು ಉದಾಹರಣೆಯ ಮೂಲಕ ಪೂರ್ತಿ ನೋಡೋಣ.

ನಂದಗುಡಿಯಿಂದ ಫ್ರಾಂಕ್‌ಫರ್ಟ್‌ಗೆ

ಹೊಸಕೋಟೆ ತಾಲ್ಲೂಕಿನ ನಂದಗುಡಿಯ ದಂಪತಿ ಆಗಸ್ಟ್ 1ಕ್ಕೆ ಫ್ರಾಂಕ್‌ಫರ್ಟ್‌ಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಆ್ಯಪಲ್ ಮ್ಯೂಸಿಕ್‌ನ ಫ್ಯಾಮಿಲಿ ಪ್ಲಾನ್ ಗಂಡನ ಹೆಸರಲ್ಲಿದೆ. ಗುಂಪಿನಲ್ಲಿ ಹೆಂಡತಿ ಇದ್ದಾರೆ, ನಂದಗುಡಿಯಲ್ಲೇ ಉಳಿದಿರುವ ಅಪ್ಪ ಅಮ್ಮನೂ ಇದ್ದಾರೆ. ಕಂತು ಪ್ರತಿ ತಿಂಗಳ 5ನೇ ತಾರೀಖಿಗೆ. ಜೊತೆಗೆ ಫೋಟೊಗಳಿಗೆಂದು ಐಕ್ಲೌಡ್‌ನಲ್ಲಿ ದುಡ್ಡು ಕಟ್ಟಿ ಪಡೆದ ಜಾಗವೂ ಇದೆ. 2022ರಲ್ಲಿ ಭಾರತದಲ್ಲಿ ಆ್ಯಪಲ್ ಕಾರ್ಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದಾಗ ಬಹಳ ಜನ ಮಾಡಿದಂತೆ, ಇವರೂ ಯುಪಿಐ ಮೂಲಕ ಖಾತೆಗೆ ಮುಂಗಡ ಹಣ ತುಂಬಿಸಿಟ್ಟಿದ್ದಾರೆ.

ಇವರು ಬಂದ ದಿನವೇ ದೇಶ ಬದಲಿಸಲು ಹೋದರೆ ಆಗುವುದಿಲ್ಲ. ತಡೆಯುವ ಸಂಗತಿ ಮೂರು: ಚಾಲ್ತಿಯಲ್ಲಿರುವ ಚಂದಾ, ಖಾತೆಯಲ್ಲಿ ಉಳಿದ ರೂಪಾಯಿ, ಫ್ಯಾಮಿಲಿ ಗುಂಪು. ಮೂರನ್ನೂ ಬಿಡಿಸಿದ ಮೇಲೆಯೇ ದಾರಿ ತೆರೆಯುವುದು.

ಮೊದಲು ಚಂದಾ. ಅದನ್ನು ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ಹಾಡು ನಡೆಯುತ್ತದೆ. ಆ ಅವಧಿ ಮುಗಿಯುವವರೆಗೆ ಕಾಯಲೇಬೇಕು. ನಮ್ಮ ದಂಪತಿ ಆಗಸ್ಟ್ 5ರ ಕಂತು ಹೋಗಲು ಬಿಟ್ಟು, ಅದರ ಮರುದಿನ ರದ್ದು ಮಾಡಿದರು. ಸೆಪ್ಟೆಂಬರ್ 5ರವರೆಗೆ ಹಾಡಿಗೆ ಕೊರತೆಯಿಲ್ಲ, ಅಷ್ಟರಲ್ಲಿ ಇಲ್ಲಿಯ ಬ್ಯಾಂಕ್ ಕೆಲಸ ಮುಗಿಸಿಕೊಳ್ಳಲು ಒಂದು ತಿಂಗಳು ಸಿಕ್ಕಂತಾಯಿತು. ವರ್ಷದ ಚಂದಾ ಇದ್ದರೆ ಕಾಯುವುದು ತಿಂಗಳುಗಟ್ಟಲೆ ಆಗುತ್ತದೆ. ಇನ್ನೂ ಊರಲ್ಲಿದ್ದು ಹೊರಡುವ ತಯಾರಿಯಲ್ಲಿರುವ ನಿಮ್ಮ ಬಂಧುಗಳಿಗೆ ಹೇಳಿ: ಹೊರಡುವ ವರ್ಷ ತಿಂಗಳ ಚಂದಾವೇ ಸಾಕು.

ಐಕ್ಲೌಡ್ ಜಾಗವೂ ಒಂದು ಚಂದಾವೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅದನ್ನೂ ಉಚಿತ ಹಂತಕ್ಕೆ ಇಳಿಸಿ, ಅವಧಿ ಮುಗಿಯಲು ಬಿಡಬೇಕು. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಅದಕ್ಕಿಂತ ಹೆಚ್ಚು ತುಂಬಿದ್ದರೆ ಹೊಸ ಫೋಟೊ ಏರುವುದು ನಿಲ್ಲುತ್ತದೆ. ಆದ್ದರಿಂದ ಇಳಿಸುವ ಮುಂಚೆಯೇ ಫೋಟೊಗಳನ್ನು ಕಂಪ್ಯೂಟರಿಗೋ ಹಾರ್ಡ್ ಡಿಸ್ಕಿಗೋ ಒಂದು ಪ್ರತಿ ಮಾಡಿಟ್ಟುಕೊಳ್ಳಿ.

ಆಮೇಲೆ ಉಳಿದ ಹಣ. ರೂಪಾಯಿಯಲ್ಲಿ ತುಂಬಿಸಿದ್ದು ಯೂರೋ ಆಗುವುದಿಲ್ಲ. ಖಾತೆಯಲ್ಲಿ ಹಣ ಇರುವವರೆಗೆ ದೇಶ ಬದಲಿಸಲು ಬಿಡುವುದೂ ಇಲ್ಲ. ಹೊರಡುವ ಮುಂಚೆ ಹೊಸದಾಗಿ ತುಂಬಿಸದೆ, ಕೊನೆಯ ಕಂತುಗಳು ಇದ್ದ ಹಣದಲ್ಲೇ ಹೋಗುವಂತೆ ನೋಡಿಕೊಳ್ಳುವುದು ಸುಲಭದ ಉಪಾಯ. ಯಾವುದನ್ನು ಕೊಳ್ಳಲೂ ಸಾಲದ ಪುಡಿಗಾಸು ಉಳಿದರೆ ಆ್ಯಪಲ್‌ನ ಗ್ರಾಹಕ ಸೇವೆಗೆ ಬರೆದು, ದೇಶ ಬದಲಿಸುತ್ತಿರುವ ಕಾರಣ ತಿಳಿಸಿ ಅದನ್ನು ತೆಗೆಸಿಕೊಳ್ಳಿ.

ಮೂರನೆಯದು ಗುಂಪು. ಫ್ಯಾಮಿಲಿ ಗುಂಪಿನವರ ಖಾತೆಗಳೆಲ್ಲ ಒಂದೇ ದೇಶದ್ದಾಗಿರಬೇಕು. ಗಂಡನ ಖಾತೆ ಜರ್ಮನಿಗೆ ಬಂದರೆ ನಂದಗುಡಿಯ ಅಪ್ಪ ಅಮ್ಮ ಈ ಗುಂಪಿನಲ್ಲಿ ಹಾಡು ಕೇಳುವಂತಿಲ್ಲ. ಸೆಪ್ಟೆಂಬರ್ 5ಕ್ಕೆ ಅವರ ಫೋನಿನಲ್ಲೂ ಹಾಡು ನಿಲ್ಲುತ್ತದೆ. ಅದಕ್ಕೇ ಇವರು ಮುಂಚೆಯೇ ಅಪ್ಪನ ಖಾತೆಗೆ ಅಪ್ಪನದೇ ಯುಪಿಐ ಜೋಡಿಸಿ, ಅಲ್ಲಿ ಬೇರೆ ಚಂದಾ ಮಾಡಿಸಿದರು. ಬಳಿಕ ಗುಂಪನ್ನು ಬಿಡಿಸಿ, ಗಂಡ ಹೆಂಡತಿ ಇಬ್ಬರೂ ತಂತಮ್ಮ ಖಾತೆಯ ದೇಶ ಬದಲಿಸಿಕೊಂಡು, ಕೊನೆಗೆ ಇಬ್ಬರದೇ ಹೊಸ ಗುಂಪು ಕಟ್ಟಿದರು.

ಇಲ್ಲಿಯ ಕಾರ್ಡು, ಇಲ್ಲಿಯ ವಿಳಾಸ

ಆಗಸ್ಟ್ ತಿಂಗಳು ಬ್ಯಾಂಕಿಗೆ ಮೀಸಲು. ಮನೆಗೆ ಬಂದ ಎರಡು ವಾರದೊಳಗೆ ಪಾಲಿಕೆಯ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಬೇಕೆಂಬುದು ನಿಮಗೆ ಗೊತ್ತೇ ಇದೆ. ಅದರ ಪತ್ರ ಕೈಗೆ ಬಂದ ಮೇಲೆ ಬ್ಯಾಂಕ್ ಖಾತೆ ಸಲೀಸು. ಖಾತೆ ತೆರೆಯುವಾಗ ಯಾವ ಕಾರ್ಡ್ ಕೊಡುತ್ತಾರೆಂದು ಕೇಳಿಕೊಳ್ಳಿ. ಬರೀ ಗಿರೋಕಾರ್ಡ್ ಅಂಗಡಿಯಲ್ಲಿ ನಡೆಯುತ್ತದೆ, ಇಂಥ ಆನ್‌ಲೈನ್ ಚಂದಾಕ್ಕೆ ಸಾಮಾನ್ಯವಾಗಿ ಆಗದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಡೆಬಿಟ್ ಕಾರ್ಡ್ ಬೇಕು. ಪೇಪಾಲ್ ಕೂಡ ನಡೆಯುತ್ತದೆ, ಆದರೆ ಊರಿನ ಪೇಪಾಲ್ ಖಾತೆಯ ದೇಶ ಬದಲಿಸಲು ಬರುವುದಿಲ್ಲ. ಇಲ್ಲಿ ಹೊಸದೇ ತೆರೆಯಬೇಕು.

ಸೆಪ್ಟೆಂಬರ್ 6ರಂದು ಐಫೋನಿನಲ್ಲಿ ಹೀಗೆ ಹೋಗಿ:

```
Settings > ನಿಮ್ಮ ಹೆಸರು > Media & Purchases > View Account
> Country/Region > Change Country or Region
```

ಜರ್ಮನಿ ಆರಿಸಿ, ಷರತ್ತುಗಳಿಗೆ ಒಪ್ಪಿದರೆ ಕಾರ್ಡಿನ ವಿವರ ಮತ್ತು ಬಿಲ್ಲಿಂಗ್ ವಿಳಾಸ ಕೇಳುತ್ತದೆ. ಅಂಚೆ, ತಾಲ್ಲೂಕು, ಜಿಲ್ಲೆ, ಆರಂಕಿಯ ಪಿನ್ ಎಂದು ಬರೆದು ರೂಢಿಯಾದವರಿಗೆ ಇಲ್ಲಿಯ ವಿಳಾಸ ತೀರ ಚಿಕ್ಕದೆನಿಸುತ್ತದೆ: ಬೀದಿಯ ಹೆಸರು, ಮನೆ ಸಂಖ್ಯೆ, ಐದಂಕಿಯ ಅಂಚೆ ಸಂಖ್ಯೆ, ಊರು. ಬ್ಯಾಂಕಿನ ಪತ್ರದಲ್ಲಿ ಅಕ್ಷರ ಹೇಗಿದೆಯೋ ಹಾಗೇ ತುಂಬಿ. ಹೆಸರಿಗೂ ಇದೇ ಮಾತು. ಊರಲ್ಲಿ ಇನಿಶಿಯಲ್ ಹಾಕಿ ಬರೆಯುತ್ತಿದ್ದವರ ಹೆಸರು ಇಲ್ಲಿಯ ಕಾರ್ಡಿನಲ್ಲಿ ಪಾಸ್‌ಪೋರ್ಟಿನಂತೆ ಬಿಡಿಸಿ ಬಂದಿರುತ್ತದೆ. ಕಾರ್ಡಿನಲ್ಲಿರುವ ಹೆಸರನ್ನೇ ಕೊಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ ಕೇಳಿದರೆ ಅಲ್ಲಿ ಒತ್ತಿದ ಮೇಲೆಯೇ ಕೆಲಸ ಮುಗಿಯುವುದು.

ಈಗಿನ್ನೂ ಕಂಪನಿ ಕೊಟ್ಟ ತಾತ್ಕಾಲಿಕ ಮನೆಯಲ್ಲಿದ್ದರೆ ಆ ವಿಳಾಸವನ್ನೇ ಕೊಡಬಹುದು, ಬ್ಯಾಂಕಿನಲ್ಲೂ ಅದೇ ಇದ್ದರೆ ಸರಿ. ಮುಂದೆ ಮನೆ ಬದಲಿಸಿದಾಗ ಮೊದಲು ಬ್ಯಾಂಕಿನಲ್ಲಿ, ಆಮೇಲೆ ಆ್ಯಪಲ್‌ನಲ್ಲಿ ವಿಳಾಸ ತಿದ್ದಿ.

ದೇಶ ಬದಲಿಸಿದರೆ ಆ್ಯಪ್ ಅಂಗಡಿಯೂ ಬದಲಾಗುತ್ತದೆ ಎಂಬುದು ನೆನಪಿರಲಿ. ಊರಿನ ಕೆಲವು ಬ್ಯಾಂಕ್ ಆ್ಯಪ್‌ಗಳು ಇಲ್ಲಿಯ ಅಂಗಡಿಯಲ್ಲಿ ಸಿಗದಿರಬಹುದು. ಬದಲಿಸುವ ಮುಂಚೆ ಬೇಕಾದ ಆ್ಯಪ್‌ಗಳನ್ನೂ ದುಡ್ಡು ಕೊಟ್ಟು ಕೊಂಡ ಹಾಡುಗಳನ್ನೂ ಫೋನಿಗೆ ಇಳಿಸಿಕೊಳ್ಳಿ. ಚಂದಾದ ಹಾಡುಗಳ ಮಾತು ಬೇರೆ. ಡೌನ್‌ಲೋಡ್ ಮಾಡಿದ್ದರೂ ಚಂದಾ ಮುಗಿದ ದಿನ ಅವು ನುಡಿಯುವುದಿಲ್ಲ. ಹಳೆಯ ಚಂದಾ ಮುಗಿದ ಮೇಲೆ ಹೊಸದನ್ನು ಬೇಗ ಶುರುಮಾಡಿ. ನಡುವೆ ಬಹಳ ದಿನ ಬಿಟ್ಟರೆ ಕೂಡಿಟ್ಟ ಪಟ್ಟಿಗಳೂ ಹೋಗಬಹುದು. ಮುಖ್ಯವಾದ ಪಟ್ಟಿಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ನಿಶ್ಚಿಂತೆ.

ಸ್ಪಾಟಿಫೈ ಮತ್ತು ಯೂಟ್ಯೂಬ್ ಇದ್ದವರಿಗೆ

ಸ್ಪಾಟಿಫೈನಲ್ಲಿ ಇಷ್ಟು ಸುತ್ತಾಟವಿಲ್ಲ. ಉಚಿತ ಖಾತೆಯನ್ನು ಹೊರದೇಶದಲ್ಲಿ 14 ದಿನ ಮಾತ್ರ ಬಳಸಬಹುದು. ಆಮೇಲೆ ವೆಬ್‌ಸೈಟಿನ ಖಾತೆಯ ಪುಟಕ್ಕೆ ಹೋಗಿ Edit profile ಎಂಬಲ್ಲಿ ದೇಶ ಬದಲಿಸಬೇಕು. ಪ್ರೀಮಿಯಂಗೆ ಈ 14 ದಿನದ ಮಿತಿಯಿಲ್ಲ. ಇಲ್ಲಿಯ ಕಾರ್ಡ್ ಸೇರಿಸಿ ಪಾವತಿಯ ವಿಧಾನ ಬದಲಿಸಿದಾಗ ದೇಶವೂ ಬದಲಾಗುತ್ತದೆ, ಪಟ್ಟಿಗಳು ಹಾಗೇ ಉಳಿಯುತ್ತವೆ. ಮುಂಗಡ ಕಟ್ಟಿದ ಪ್ಲಾನ್ ಆದರೆ ಅದು ಮುಗಿಯುವವರೆಗೆ ಕಾಯಿರಿ. ದೇಶದ ಪಟ್ಟಿಯಲ್ಲಿ ಭಾರತ ಮಾತ್ರ ಕಂಡರೆ, ನೀವು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕೂತಿದ್ದೀರಾ ನೋಡಿ. ಬೆಂಗಳೂರಿನ ಕಚೇರಿಗೆ ಜೋಡಿಸಿದ ವಿಪಿಎನ್ ಇದ್ದರೆ ಸ್ಪಾಟಿಫೈಗೆ ನೀವು ಇನ್ನೂ ಬೆಂಗಳೂರಿನಲ್ಲೇ ಇದ್ದಂತೆ. ಮನೆಯ ವೈಫೈಯಲ್ಲಿ, ಸ್ವಂತ ಫೋನಿನಲ್ಲಿ ಪ್ರಯತ್ನಿಸಿ. ಸ್ಪಾಟಿಫೈನ ಫ್ಯಾಮಿಲಿ ಪ್ಲಾನ್ ಒಂದೇ ವಿಳಾಸದಲ್ಲಿ ಇರುವವರಿಗೆ ಮಾತ್ರ.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಊರಿನ ಸದಸ್ಯತ್ವ ರದ್ದು ಮಾಡಿ, ಅವಧಿ ಮುಗಿದ ಮೇಲೆ ಇಲ್ಲಿ ಹೊಸದಾಗಿ ಸೇರುವುದೇ ಕ್ರಮ. ಗೂಗಲ್ ಪ್ಲೇ ಅಂಗಡಿಯ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಿಸಬಹುದು. ಆರು ತಿಂಗಳ ಪ್ರಾಜೆಕ್ಟಿಗೆ ಬಂದವರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಊರಿನ ಕಾರ್ಡೇ ಸಾಕೆನ್ನುವವರಿಗೆ

ಊರಿನ ಬೆಲೆ ಕಡಿಮೆ, ಹಾಗೇ ನಡೆಯಲಿ ಎಂದು ಕೆಲವರು ಬಿಡುತ್ತಾರೆ. ಕೆಲವು ತಿಂಗಳು ನಡೆಯಲೂಬಹುದು. ಆದರೆ ಕೆಲಸಕ್ಕೆಂದು ಹೊರದೇಶದಲ್ಲಿ ನೆಲೆಸಿದವರು ವಿದೇಶಿ ವಿನಿಮಯದ ಕಾನೂನಿನ ಪ್ರಕಾರ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹಾಗೆ ಬದಲಿಸಿದಾಗ ಹಳೆಯ ಕಾರ್ಡೂ ಯುಪಿಐ ಜೋಡಣೆಯೂ ನಿಂತುಹೋಗಬಹುದು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೂ ಸೇರಿಕೊಂಡಿದೆ: ತಾನಾಗಿ ಕಡಿತವಾಗುವ ಕಂತಿಗೆ ಮೊದಲೇ ಅನುಮತಿ ದಾಖಲಾಗಿರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಸೂಚನೆ ಬರಬೇಕು. ಒಟಿಪಿ ಬರುವ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ಹೊಸ ಅನುಮತಿ ಕೊಡಲು ದಾರಿಯೇ ಇಲ್ಲ. ಕಂತು ಕಡಿತವಾಗದಿದ್ದರೆ ಸ್ಪಾಟಿಫೈ ಪ್ರೀಮಿಯಂ ಉಚಿತ ಹಂತಕ್ಕೆ ಇಳಿಯುತ್ತದೆ. ಆಗ 14 ದಿನದ ಮಿತಿ ನಿಮಗೂ ತಗಲುತ್ತದೆ. ಹಾಡು ಇದ್ದಕ್ಕಿದ್ದಂತೆ ನಿಂತಿತು ಎಂದು ಕೂಟಕ್ಕೆ ಫೋನ್ ಮಾಡುವವರು ಮೊದಲು ಕಳೆದ ಕಂತು ಹೋಗಿದೆಯೇ ಎಂದು ನೋಡಿ.

ಎಲ್ಲ ಸರಿಯಾಯಿತೆಂದು ತಿಳಿಯುವುದು ಇಮೇಲಿಗೆ ಬರುವ ಮೊದಲ ರಸೀದಿಯಿಂದ. ಮೊತ್ತ ಯೂರೋದಲ್ಲಿರಬೇಕು, ವಿಳಾಸ ಇಲ್ಲಿಯದಾಗಿರಬೇಕು. ಅದನ್ನು ನೋಡಿದ ಮೇಲೆ ಊರಿನ ಯುಪಿಐ ಆ್ಯಪ್ ತೆರೆದು, ಆಟೊಪೇ ಪಟ್ಟಿಯಲ್ಲಿ ಹಳೆಯ ಅನುಮತಿ ಉಳಿದಿದ್ದರೆ ತೆಗೆದುಹಾಕಿ. ಎನ್‌ಆರ್‌ಒ ಅರ್ಜಿಯನ್ನು ಬ್ಯಾಂಕಿಗೆ ಕಳಿಸುವ ಮುನ್ನವೇ ಇದನ್ನು ಮುಗಿಸಿ. ಖಾತೆ ಬದಲಾದ ಮೇಲೆ ಆ ಪಟ್ಟಿ ನಿಮ್ಮ ಫೋನಿನಲ್ಲಿ ತೆರೆಯದೇ ಹೋಗಬಹುದು.