ತಡವಾಗಿ ಒತ್ತಿದ ಸ್ವಿಚ್ಚು

ಇಂಜಿನಿಯರಿಂಗ್ ಓದುತ್ತಿರುವ ನಮ್ಮೂರಿನ ಗೆಳೆಯನೊಬ್ಬನು ಕಳೆದ ರಜೆಯಲ್ಲಿ ತನ್ನ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದನು. ವಿದ್ಯುನ್ಮಂಡಲದ ಲೆಕ್ಕವೊಂದಕ್ಕೆ ಅವನಿಗೆ ಅರ್ಧ ಅಂಕವೂ ದೊರೆತಿರಲಿಲ್ಲ. "ನೀನು ಬಿ.ಎ.ಗೆ ಗಣಿತ ತೆಗೆದುಕೊಂಡವನಲ್ಲವೇನೋ, ತಪ್ಪೆಲ್ಲಿದೆ ಹೇಳು ನೋಡೋಣ" ಎಂದನು. ಆ ಲೆಕ್ಕವನ್ನೇ ಇಲ್ಲಿ ವಿವರಿಸುತ್ತೇನೆ.

ಒಂದು ಲಕ್ಷ ಓಮ್ ರೋಧಕವೂ 10 ಮೈಕ್ರೋಫ್ಯಾರಡ್ ಧಾರಕವೂ ಸಾಲಾಗಿ ಜೋಡಿಸಲ್ಪಟ್ಟಿವೆ. ಇವೆರಡರ ಗುಣಲಬ್ಧ RC ಸರಿಯಾಗಿ 1 ಸೆಕೆಂಡು. ಆರಂಭದಲ್ಲಿ ಧಾರಕದ ಮೇಲೆ 4 ವೋಲ್ಟ್ ಉಳಿದಿದೆ. ಎರಡು ದಾರಿಯ ಸ್ವಿಚ್ಚು ಮೊದಲ 2 ಸೆಕೆಂಡು ಮಂಡಲವನ್ನು ಬರಿಯ ತಂತಿಯಿಂದ ಮುಚ್ಚಿರುತ್ತದೆ. ಆಮೇಲೆ 10 ವೋಲ್ಟಿನ ಬ್ಯಾಟರಿಗೆ ತಿರುಗುತ್ತದೆ. ಸ್ವಿಚ್ಚು ಮಂಡಲವನ್ನು ಮುಚ್ಚದೆ ತೆರೆದೇ ಇಟ್ಟಿದ್ದರೆ ಧಾರಕದ 4 ವೋಲ್ಟ್ ಹಾಗೆಯೇ ಉಳಿಯುತ್ತಿತ್ತು, ಲೆಕ್ಕವೇ ಬೇರೆಯಾಗುತ್ತಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಧಾರಕದ ವೋಲ್ಟೇಜನ್ನು v ಎನ್ನೋಣ. u(t−2) ಎಂಬುದು 2 ಸೆಕೆಂಡಿಗೆ ಮೊದಲು ಸೊನ್ನೆ, ಅನಂತರ ಒಂದು ಆಗುವ ಮೆಟ್ಟಿಲು ಫಲನ. ತಂತಿಸಂದೇಶದ ಕೆಲಸದಿಂದ ಗಣಿತಕ್ಕೆ ಬಂದ ಆಲಿವರ್ ಹೆವಿಸೈಡ್ (1850–1925) ಎಂಬ ಆಂಗ್ಲ ವಿದ್ವಾಂಸನ ಹೆಸರು ಇದಕ್ಕೆ ಸಂದಿದೆ. ಆಗ ನಮ್ಮ ಸಮೀಕರಣ ಹೀಗಾಗುತ್ತದೆ:

v′ + v = 10 u(t−2), v(0) = 4

ಇದಕ್ಕೆ ಲಾಪ್ಲಾಸ್ ಪರಿವರ್ತನೆಯನ್ನು ಪ್ರಯೋಗಿಸೋಣ. e^(−st) ಯಿಂದ ಗುಣಿಸಿ ಸೊನ್ನೆಯಿಂದ ಅನಂತದವರೆಗೆ ಅನುಕಲಿಸುವುದೇ ಆ ಪರಿವರ್ತನೆ. v ಯ ಪರಿವರ್ತನೆ V ಆದರೆ v′ ನ ಪರಿವರ್ತನೆ sV − 4. ಆರಂಭದ ಬೆಲೆ ತಾನಾಗಿಯೇ ಲೆಕ್ಕದೊಳಕ್ಕೆ ಬಂದುಬಿಡುವುದು ಈ ವಿಧಾನದ ಅನುಕೂಲ. ಬಲಗಡೆಯಲ್ಲಿ ಅನುಕಲನ 2 ರಿಂದಲೇ ಆರಂಭವಾಗುವುದರಿಂದ 10e^(−2s)/s ಬರುತ್ತದೆ. ಆದ್ದರಿಂದ:

V = 4/(s+1) + 10e^(−2s)/[s(s+1)]

ಇನ್ನು ಹಿಂದಿರುಗಬೇಕು. 1/[s(s+1)] ಎಂಬುದನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆದರೆ 1/s − 1/(s+1). ಇದರ ಮೂಲ ಫಲನ 1 − e^(−t). ಗೆಳೆಯನು ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದನು. ಆದರೆ ಮುಂದೆ e^(−2s) ಅನ್ನು ಕಂಡೊಡನೆ u(t−2) ಅನ್ನು ಮಾತ್ರ ಪಕ್ಕದಲ್ಲಿ ಬರೆದು, 10(1 − e^(−t))u(t−2) ಎಂದು ಮುಗಿಸಿದ್ದನು.

ತಪ್ಪು ಇದೇ. f(t−2)u(t−2) ಎಂಬುದರ ಪರಿವರ್ತನೆಯನ್ನು ಮಾಡಿ ನೋಡಿ. t−2 ರ ಬದಲು ಹೊಸ ಕಾಲ τ ಇಟ್ಟರೆ e^(−st) ಎಂಬುದು e^(−2s)·e^(−sτ) ಎಂದು ಒಡೆಯುತ್ತದೆ; e^(−2s) ಹೊರಗೆ ಬಂದು ಒಳಗೆ f ನ ಪರಿವರ್ತನೆ ಉಳಿಯುತ್ತದೆ. ಎಂದರೆ e^(−2s) ಬಾಗಿಲನ್ನು ತಡವಾಗಿ ತೆರೆಯುವುದಷ್ಟೇ ಅಲ್ಲ, ಒಳಗಿನ ಗಡಿಯಾರವನ್ನೂ 2 ಸೆಕೆಂಡು ಹಿಂದಿಡುತ್ತದೆ. ಸರಿಯುತ್ತರ ಹೀಗೆ:

v = 4e^(−t) + 10[1 − e^(−(t−2))] u(t−2)

ತಪ್ಪನ್ನು ಪರೀಕ್ಷೆಯ ಕೊಠಡಿಯಲ್ಲೇ ಹಿಡಿಯುವ ಬಗೆಯೊಂದುಂಟು. ಧಾರಕದ ವೋಲ್ಟೇಜು ಒಮ್ಮೆಲೇ ಜಿಗಿಯಬೇಕಾದರೆ ಅಪರಿಮಿತ ಪ್ರವಾಹ ಬೇಕು; ನಡುವೆ ರೋಧಕವಿರುವಾಗ ಅದು ಸಾಧ್ಯವಿಲ್ಲ. ಆದುದರಿಂದ 2 ಸೆಕೆಂಡಿನ ಹಿಂದೆ ಮುಂದೆ ಉತ್ತರ ಒಂದೇ ಆಗಿರಬೇಕು. ಸರಿಯುತ್ತರದಲ್ಲಿ ಎರಡು ಕಡೆಯಿಂದಲೂ 4e^(−2), ಎಂದರೆ 0.541 ವೋಲ್ಟ್ ಬರುತ್ತದೆ. ಗೆಳೆಯನ ಉತ್ತರದಲ್ಲಾದರೋ 0.541 ಇದ್ದದ್ದು ತಟ್ಟನೆ 9.188ಕ್ಕೆ ಹಾರುತ್ತದೆ! ಪ್ರವಾಹ ಮಾತ್ರ ಜಿಗಿಯಬಹುದು, ಜಿಗಿಯುತ್ತದೆ ಕೂಡ: ರೋಧಕದ ಮೇಲೆ ಥಟ್ಟನೆ 10 ವೋಲ್ಟ್ ಹೆಚ್ಚುವುದರಿಂದ ಅದು ಸರಿಯಾಗಿ 100 ಮೈಕ್ರೋಆಂಪಿಯರ್ ಏರುತ್ತದೆ.

ಇನ್ನೊಂದು ತಾಳೆಯನ್ನೂ ನೋಡಬಹುದು. ಪರಿವರ್ತನೆಯನ್ನು ಬಿಟ್ಟು, 2ನೆಯ ಸೆಕೆಂಡಿನಲ್ಲಿ 0.541 ರಿಂದ ಹೊರಟು 10ರ ಕಡೆಗೆ ಏರುವ ಹೊಸ ಲೆಕ್ಕವೆಂದು ಭಾವಿಸಿದರೆ v = 10 − 9.459e^(−(t−2)). 3ನೆಯ ಸೆಕೆಂಡಿನಲ್ಲಿ ಇದು 6.52 ವೋಲ್ಟ್. ನಮ್ಮ ಸೂತ್ರವೂ 0.199 + 6.321, ಎಂದರೆ 6.52 ವೋಲ್ಟನ್ನೇ ಕೊಡುತ್ತದೆ.

ಹಾಗಾದರೆ ತುಂಡು ತುಂಡಾಗಿಯೇ ಬಿಡಿಸಬಹುದಲ್ಲವೇ ಎಂದು ಕೇಳಬಹುದು. ಒಂದು ಸ್ವಿಚ್ಚಿಗೆ ಅದು ಸುಲಭವೇ. ಸ್ವಿಚ್ಚು ಹತ್ತು ಬಾರಿ ತಿರುಗಿದರೆ ಪ್ರತಿ ತಿರುವಿನಲ್ಲೂ ಹೊಸ ಆರಂಭದ ಬೆಲೆಯನ್ನು ಹುಡುಕಬೇಕಾಗುತ್ತದೆ. ಪರಿವರ್ತನೆಯಲ್ಲಿ ಹತ್ತು ಪದಗಳನ್ನು ಕೂಡಿಸಿದರೆ ಸಾಕು. ಆದರೆ ಈ ಕೂಡಿಕೆ ರೇಖೀಯ ಸಮೀಕರಣಗಳಿಗೆ ಮಾತ್ರ ಸಲ್ಲುತ್ತದೆ. ಮಂಡಲದಲ್ಲಿ ಒಂದು ಡಯೋಡ್ ಸೇರಿದರೆ ತುಂಡು ತುಂಡಾಗಿ ನೋಡುವ ಹಳೆಯ ದಾರಿಗೇ ಮರಳಬೇಕು.

ಗೆಳೆಯನು ಉತ್ತರಪತ್ರಿಕೆಯ ಅಂಚಿನಲ್ಲಿಯೇ 2ನೆಯ ಸೆಕೆಂಡಿನ ಬೆಲೆಯನ್ನು ಎರಡು ಸಲ ಬರೆದು ನೋಡಿ, "ಎರಡು ಸಾಲು ಬರೆದಿದ್ದರೆ ಅಂಕ ಉಳಿಯುತ್ತಿತ್ತಲ್ಲೋ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡನು.